ಸಹಾಯ ಬೇಕು: ವ್ಯಾಕರಣದಲ್ಲಿ ಎಲ್ಲಿ ಹಿಂದಿದ್ದಾರೆ ಎಂದು ತೋರಿಸುವ ಪರೀಕ್ಷೆ

ನಮಸ್ಕಾರ. ಹೊಸದಾಗಿ ಕನ್ನಡ ತರಗತಿಗೆ ಸೇರುವ ವಯಸ್ಕರು ಯಾವ ವ್ಯಾಕರಣಾಂಶದಲ್ಲಿ ಹಿಂದಿದ್ದಾರೆಂದು ಆರಂಭದಲ್ಲೇ ತಿಳಿಯಲು ಒಂದು ಪರೀಕ್ಷೆ ಸಿದ್ಧಪಡಿಸುತ್ತಿದ್ದೇನೆ. ವಿಭಕ್ತಿ, ಕಾಲ, ನಿಷೇಧ ಹೀಗೆ ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಇಟ್ಟಿದ್ದೇನೆ; ಒಂದೆರಡೇ ಆದರೆ ಊಹೆಯ ಉತ್ತರ ದಾರಿ ತಪ್ಪಿಸುತ್ತದೆ. ಪದ ತಿಳಿಯದೆ ತಪ್ಪಬಾರದೆಂದು ಎಲ್ಲೆಡೆ ಮನೆ, ಪುಸ್ತಕ, ಹೋಗು, ಓದು ಇಂಥ ಪದಗಳನ್ನೇ ಬಳಸಿದ್ದೇನೆ.

ತೊಡಕಿರುವುದು ಚತುರ್ಥಿಯಲ್ಲಿ. ಒಬ್ಬರು ಆಯ್ಕೆಯ ಪ್ರಶ್ನೆಗಳಲ್ಲಿ ‘ಮನೆಗೆ ಹೋದೆ’, ‘ನನಗೆ ಪುಸ್ತಕ ಬೇಕು’ ಎರಡನ್ನೂ ಸರಿಯಾಗಿ ಗುರುತಿಸಿದರು. ತಾವೇ ವಾಕ್ಯ ರಚಿಸುವಾಗ ಮೊದಲನೆಯದು ಸರಿ ಬಂತು, ಎರಡನೆಯದನ್ನು ‘ನಾನು ಪುಸ್ತಕ ಬೇಕು’ ಎಂದು ಬರೆದರು. ಅಂದರೆ ಪ್ರತ್ಯಯ ಗೊತ್ತಿದೆ. ಬೇಕು, ಗೊತ್ತು, ಇಷ್ಟ ಇದ್ದಲ್ಲಿ ‘ನನಗೆ’ ಬರಬೇಕೆಂಬುದು ಇನ್ನೂ ರೂಢಿಯಾಗಿಲ್ಲ. ಚತುರ್ಥಿಗೆ ಒಂದೇ ಅಂಕ ಕೊಟ್ಟರೆ ಇದು ಮುಚ್ಚಿಹೋಗುತ್ತದೆ. ಹಾಗಾಗಿ ಈ ಎರಡು ಬಳಕೆಗಳನ್ನು ಬೇರ್ಪಡಿಸಿ, ಗುರುತಿಸಿದ್ದಕ್ಕೂ ಬರೆದದ್ದಕ್ಕೂ ಪ್ರತ್ಯೇಕ ಅಂಕ ನಮೂದಿಸಬೇಕೆಂದಿದ್ದೇನೆ.

ಆದರೆ ಹೀಗೆ ಮಾಡಿದರೆ ಪರೀಕ್ಷೆ ಉದ್ದವಾಗುತ್ತದೆ, ದಣಿವಿನಿಂದಾದ ತಪ್ಪುಗಳು ಕೊನೆಯ ವಿಭಾಗವನ್ನು ವಿನಾಕಾರಣ ದುರ್ಬಲವೆಂದು ತೋರಿಸುತ್ತವೆ. ಇಂಥ ಪರೀಕ್ಷೆ ರೂಪಿಸಿದವರು ಯಾವ ಭಾಗ ಕೈಬಿಟ್ಟಿರಿ? ಆಯ್ಕೆಯ ಪ್ರಶ್ನೆಗಳನ್ನು ತೆಗೆದು ಬರೆಯುವ ಭಾಗವನ್ನಷ್ಟೇ ಉಳಿಸಿದರೆ ಸಾಕೇ? ದಯವಿಟ್ಟು ತಿಳಿಸಿ.