ಪಿಎಫ್ ಡಿಮ್ಯಾಂಡ್ ನೋಟಿಸ್ ನಂತರ ಖಾತೆ ಫ್ರೀಜ್: ರಿಕವರಿ ಆಫೀಸರ್‌ಗೆ ಪತ್ರ ಹೇಗೆ ಬರೆಯಬೇಕು?

ಪ್ರಶ್ನೆ (ಕಾಫಿ ಕ್ಯೂರಿಂಗ್ ಘಟಕದ ಲೆಕ್ಕಿಗ, ಚಿಕ್ಕಮಗಳೂರು):
ನಮ್ಮದು ಪಾಲುದಾರಿಕೆ ಸಂಸ್ಥೆ. ಹಿಂದೆ ಕೆಲವು ತಿಂಗಳ ಪಿಎಫ್ ತಡವಾಗಿ ಕಟ್ಟಿದ್ದಕ್ಕೆ ಡ್ಯಾಮೇಜಸ್ 1,58,200, ಬಡ್ಡಿ 88,600, ಒಟ್ಟು 2,46,800 ರೂಪಾಯಿಗೆ ಡಿಮ್ಯಾಂಡ್ ನೋಟಿಸ್ ಬಂದಿತ್ತು. ಬಡ್ಡಿ ಕಟ್ಟಿಬಿಟ್ಟೆವು. ಡ್ಯಾಮೇಜಸ್‌ನಲ್ಲಿ ಎರಡು ತಿಂಗಳ ಲೆಕ್ಕ ತಪ್ಪಿದೆ, ಸುಮಾರು 21,400 ಹೆಚ್ಚು ಹಾಕಿದ್ದಾರೆ ಅಂತ ಸುಮ್ಮನಿದ್ದೆವು. ಮೊನ್ನೆ ಎರಡು ಬ್ಯಾಂಕಿನ ಖಾತೆಗಳೂ ಫ್ರೀಜ್ ಆಗಿವೆ. ಒಂದು ಕರೆಂಟ್ ಖಾತೆ, 4,12,350 ಇದೆ. ಇನ್ನೊಂದು ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ ಖಾತೆ. ಶನಿವಾರ ಬಟವಾಡೆಗೆ 1,90,000 ಬೇಕು. ಲೆಕ್ಕ ತಪ್ಪು ಅಂತ ರಿಕವರಿ ಆಫೀಸರ್‌ಗೆ ಬರೆದೆ, ಉತ್ತರ ಇಲ್ಲ. ಏನು ಬರೆಯಬೇಕಿತ್ತು?

ಒಬ್ಬ ಸದಸ್ಯರು, ಕಡೂರು:
ಸೈಬರ್ ಪೊಲೀಸರ ಕೇಸಾದರೆ ಬ್ಯಾಂಕಿನಿಂದ ದೂರು ಸಂಖ್ಯೆ ತಗೊಂಡು ಆ ಠಾಣೆಗೆ ಮೇಲ್ ಹಾಕಿ. ನನ್ನ ಯುಪಿಐ ಖಾತೆ ಹಾಗೇ ಬಿಡಿಸಿಕೊಂಡೆ.

ಪಿಎಫ್-ಇಎಸ್‌ಐ ಸಲಹೆಗಾರರು, ಹಾಸನ:
ಕಡೂರಿನವರೇ, ಇದು ಪೊಲೀಸ್ ಫ್ರೀಜ್ ಅಲ್ಲ. ಪಿಎಫ್ ಕಾಯ್ದೆಯ 8-ಬಿಯಿಂದ 8-ಜಿವರೆಗಿನ ವಸೂಲಾತಿ. ದಾರಿಯೇ ಬೇರೆ.

ಲೆಕ್ಕಿಗರೇ, ನಿಮ್ಮ ಪತ್ರಕ್ಕೆ ಉತ್ತರ ಬಾರದಿದ್ದದ್ದು ಅಸಡ್ಡೆಯಿಂದಲೇ ಇರಬೇಕೆಂದಿಲ್ಲ. ಬಾಕಿಯ ಪ್ರಮಾಣಪತ್ರ ಒಮ್ಮೆ ರಿಕವರಿ ಆಫೀಸರ್ ಕೈಗೆ ಬಂದ ಮೇಲೆ ಅದರ ಮೊತ್ತ ಸರಿಯೋ ತಪ್ಪೋ ಎಂಬ ತಕರಾರನ್ನು ಅವರು ಕೇಳುವಂತೆಯೇ ಇಲ್ಲ. 8-ಡಿ ಅದನ್ನು ನೇರವಾಗಿ ತಡೆಯುತ್ತದೆ. ಅದೇ ಕಲಂ ಪ್ರಮಾಣಪತ್ರ ಹೊರಡಿಸಿದ ಅಧಿಕಾರಿಗೆ, ಅಂದರೆ ನಿಮ್ಮ ಪಿಎಫ್ ಕಮಿಷನರಿಗೆ, ಬರವಣಿಗೆಯ ಅಥವಾ ಕೂಡು-ಕಳೆಯುವ ತಪ್ಪನ್ನು ತಿದ್ದಿ ರಿಕವರಿ ಆಫೀಸರ್‌ಗೆ ತಿಳಿಸುವ ಅಧಿಕಾರ ಕೊಟ್ಟಿದೆ. ಕಂತು ಅಥವಾ ಕಾಲಾವಕಾಶ ಬೇಕಾದರೂ 8-ಇ ಪ್ರಕಾರ ಅದೇ ಅಧಿಕಾರಿಯನ್ನೇ ಕೇಳಬೇಕು. ಅವರು ಸಮಯ ಕೊಟ್ಟರೆ ಆ ಅವಧಿ ಮುಗಿಯುವವರೆಗೆ ರಿಕವರಿ ಆಫೀಸರ್ ಕ್ರಮ ನಿಲ್ಲಿಸಲೇಬೇಕು.

ಹಾಗಾಗಿ ನಿಮ್ಮದು ಎರಡು ಪತ್ರದ ಕೆಲಸ. ಎರಡನ್ನೂ ಒಂದರಲ್ಲೇ ತುರುಕಿದರೆ ಎರಡೂ ಕೆಡುತ್ತವೆ.

ಬರೆಯುವ ಮುಂಚೆ ಬ್ಯಾಂಕಿಗೆ ಹೋಗಿ ಆದೇಶದ ಪ್ರತಿ ತೆಗೆದುಕೊಳ್ಳಿ. ನಿಯಮದಂತೆ ನಿಮಗೂ ಒಂದು ಪ್ರತಿ ಕಳಿಸಬೇಕು, ಆದರೆ ಹಳೆಯ ವಿಳಾಸಕ್ಕೆ ಹೋಗಿರುವುದೂ ಉಂಟು. ಅದರಲ್ಲಿ ಮೂರು ಸಂಗತಿ ನೋಡಿ: ಸಹಿ ಯಾರದು, ಮೊತ್ತ ಎಷ್ಟು, ಕಳಿಸಿದ ದಿನಾಂಕ ಯಾವುದು. ಬ್ಯಾಂಕಿಗೆ ಹೋಗುವ 8-ಎಫ್ ಆದೇಶಕ್ಕೆ ಕೆಲವೊಮ್ಮೆ ಕಮಿಷನರ್ ಹಂತದ ಅಧಿಕಾರಿಯೇ ಸಹಿ ಹಾಕಿರುತ್ತಾರೆ. ಸಹಿ ಹಾಕಿದವರೇ ಅದನ್ನು ಹಿಂಪಡೆಯಬೇಕು, ಆದ್ದರಿಂದ ಪತ್ರ ಅವರ ಹೆಸರಿಗೇ ಹೋಗಲಿ.

ತೆರಿಗೆ ಲೆಕ್ಕ ನೋಡುವವರು, ಬೇಲೂರು:
ಇಷ್ಟೆಲ್ಲ ಯಾಕೆ ಸರ್? ಬೆಂಗಳೂರಿನ ಟ್ರಿಬ್ಯೂನಲ್‌ಗೆ ಅಪೀಲು ಹಾಕಿದರೆ ವಸೂಲಾತಿ ತಾನಾಗೇ ನಿಲ್ಲುತ್ತೆ. ಅಪೀಲಿನ ಪ್ರತಿ ತೋರಿಸಿದರೆ ಬ್ಯಾಂಕ್ ಖಾತೆ ಬಿಡುತ್ತೆ.

ಸಲಹೆಗಾರರು, ಹಾಸನ:
ಅಪೀಲು ಅಲ್ಲಿಗೇ ಹೋಗಬೇಕು ಅನ್ನುವುದು ಸರಿ. ಅಪೀಲಿಗೆ ನಂಬರ್ ಬಿದ್ದ ಮಾತ್ರಕ್ಕೆ ವಸೂಲಾತಿ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇಕು. ಗಡುವು ಡ್ಯಾಮೇಜಸ್ ಹಾಕಿದ ಆದೇಶದಿಂದ 60 ದಿನ, ತಡಕ್ಕೆ ಕಾರಣ ಒಪ್ಪಿದರೆ ಇನ್ನೂ 60 ದಿನ. ಡಿಮ್ಯಾಂಡ್ ನೋಟಿಸ್ ಬರುವ ಹೊತ್ತಿಗೆ ಇವರ ಗಡುವು ಕಳೆದಿರಬಹುದು, ಮೂಲ ಆದೇಶದ ದಿನಾಂಕ ನೋಡಿ. ಬ್ಯಾಂಕು ಅಪೀಲಿನ ಪ್ರತಿ ನೋಡಿ ಖಾತೆ ಬಿಡುವುದಿಲ್ಲ. ಆದೇಶ ಮೀರಿ ಹಣ ಬಿಟ್ಟರೆ ಆ ಮೊತ್ತಕ್ಕೆ ಬ್ಯಾಂಕೇ ಹೊಣೆಯಾಗುತ್ತದೆ, ಅದಕ್ಕೇ ಅವರಿಗೆ ಭಯ.

ಬ್ಯಾಂಕ್ ಸಿಬ್ಬಂದಿ, ಚಿಕ್ಕಮಗಳೂರು:
ಅದು ನಿಜ. ಇನ್ನೊಂದು ಮಾತು. ಆದೇಶದಲ್ಲಿ ಒಂದು ಮೊತ್ತ ಬರೆದಿದ್ದರೂ ಇಡೀ ಖಾತೆಗೆ ಡೆಬಿಟ್ ಫ್ರೀಜ್ ಹಾಕುವುದು ಉಂಟು. ಅಷ್ಟೇ ಮೊತ್ತಕ್ಕೆ ಲೀನ್ ಹಾಕಿ ಉಳಿದದ್ದನ್ನು ಬಿಡಿ ಎಂದು ಬ್ಯಾಂಕಿಗೆ ಬರವಣಿಗೆಯಲ್ಲಿ ಕೇಳಿ. ಆದೇಶದ ಮಾತು ಸ್ಪಷ್ಟವಿದ್ದರೆ ಕೆಲವು ಕಡೆ ಮಾಡುತ್ತಾರೆ. "ಯಾವುದೇ ಹಣ ಪಾವತಿಸಬಾರದು" ಅಂತ ಬರೆದಿದ್ದರೆ ಕಚೇರಿಯ ಸ್ಪಷ್ಟನೆ ಇಲ್ಲದೆ ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರು:
ಪ್ರತಿ ಸಿಕ್ಕಿತು. ಎರಡೂ ಬ್ಯಾಂಕಿಗೆ ಪೂರ್ತಿ 2,46,800 ಅಂತಲೇ ಇದೆ. ಬಡ್ಡಿ ಕಟ್ಟಿದ್ದು ಕಳೆದೇ ಇಲ್ಲ. ಸಹಿ ರಿಕವರಿ ಆಫೀಸರ್‌ದೇ.

ಸಲಹೆಗಾರರು, ಹಾಸನ:
ಹಾಗಾದರೆ ನಿಮ್ಮ ಪತ್ರದ ಬೆನ್ನೆಲುಬು ಅದೇ. ಆದರೆ ಮೊದಲು ಬಡ್ಡಿಯ ಚಲನ್ ತೆಗೆದು ನೋಡಿ. ಹಣ ಬಡ್ಡಿಯ ಬಾಬ್ತಿಗೇ ಬಿದ್ದಿದೆಯೋ, ಇಲ್ಲ ಮಾಮೂಲಿ ವಂತಿಗೆಯ ಬಾಬ್ತಿಗೆ ಬಿದ್ದಿದೆಯೋ? ಬಾಬ್ತು ತಪ್ಪಿದರೆ ಕಚೇರಿಯ ಲೆಕ್ಕದಲ್ಲಿ ಬಾಕಿ ಹಾಗೇ ನಿಲ್ಲುತ್ತದೆ, ನೀವು ಕಟ್ಟಿದ್ದೇವೆ ಅನ್ನುತ್ತೀರಿ, ಅವರು ಬಂದಿಲ್ಲ ಅನ್ನುತ್ತಾರೆ. ಖಾತೆ ಬಿಡದೇ ಹೋಗುವ ಕಾರಣಗಳಲ್ಲಿ ಇದು ದೊಡ್ಡದು. ಹಾಗೇ ಕರೆಂಟ್ ಖಾತೆಯ ಇಂದಿನ ಸ್ಟೇಟ್‌ಮೆಂಟ್ ನೋಡಿ, ಬ್ಯಾಂಕು ಈಗಾಗಲೇ ಕಚೇರಿಗೆ ಹಣ ಕಳಿಸಿದ್ದರೆ ಇನ್ನೊಮ್ಮೆ ಕಟ್ಟಿಬಿಡುತ್ತೀರಿ.

ನಂತರ ತಕರಾರಿಲ್ಲದ ಮೊತ್ತ ತೀರಿಸಿ. 1,58,200ರಲ್ಲಿ 21,400 ಕಳೆದರೆ 1,36,800. ಖಾತೆ ಫ್ರೀಜ್ ಆಗಿರುವುದರಿಂದ ಪಾಲುದಾರರ ಸ್ವಂತ ಹಣದಿಂದ ಕಟ್ಟಬಹುದು, ಅಥವಾ ಫ್ರೀಜ್ ಆದ ಖಾತೆಯಿಂದಲೇ ಅಷ್ಟನ್ನು ಪಿಎಫ್‌ಗೆ ಕಳಿಸಲು ಬ್ಯಾಂಕಿಗೆ ಅನುಮತಿ ಕೊಡಿ ಎಂದು ಪತ್ರದಲ್ಲೇ ಕೇಳಬಹುದು. ಎರಡನೆಯದು ಅಧಿಕಾರಿಗೂ ಹಿತ, ಹಣ ಅವರ ಕೈ ತಪ್ಪುವುದಿಲ್ಲ.

ರಿಕವರಿ ಆಫೀಸರ್‌ಗೆ ಹೀಗೆ ಬರೆಯಿರಿ:

> ವಿಷಯ: ಸಂಸ್ಥೆಯ ಕೋಡ್ ______, ಡಿಮ್ಯಾಂಡ್ ನೋಟಿಸ್ ಸಂಖ್ಯೆ ______ ದಿನಾಂಕ ______. ಬ್ಯಾಂಕ್ ಖಾತೆಗಳ ಮೇಲಿನ ಆದೇಶವನ್ನು ಬಾಕಿಯ ಮಟ್ಟಿಗೆ ಸೀಮಿತಗೊಳಿಸಲು ಮನವಿ.
>
> ಮಾನ್ಯರೇ,
> ಸದರಿ ನೋಟಿಸ್‌ನ 2,46,800 ರೂ.ಗಳಲ್ಲಿ ಬಡ್ಡಿ 88,600 ರೂ.ಗಳನ್ನು ಚಲನ್‌ನ ಟಿಆರ್‌ಆರ್‌ಎನ್ ಸಂಖ್ಯೆ ______ ಮೂಲಕ ______ ದಿನಾಂಕದಂದು ಪಾವತಿಸಿದ್ದೇವೆ. ಉಳಿದ ಡ್ಯಾಮೇಜಸ್ 1,58,200 ರೂ. ನಮ್ಮ ಕರೆಂಟ್ ಖಾತೆ ಸಂಖ್ಯೆ ______ರಲ್ಲಿ ಇಂದು 4,12,350 ರೂ. ಇದೆ.
>
> ಇದರಲ್ಲಿ 1,36,800 ರೂ.ಗಳನ್ನು ತಮ್ಮ ಕಚೇರಿಗೆ ಪಾವತಿಸಲು ಬ್ಯಾಂಕಿಗೆ ಸೂಚಿಸಬೇಕಾಗಿ, 21,400 ರೂ.ಗಳ ಮೇಲೆ ಮಾತ್ರ ತಡೆ ಉಳಿಸಿ ಮಿಕ್ಕ 2,54,150 ರೂ.ಗಳ ಮೇಲಿನ ತಡೆ ತೆರವುಗೊಳಿಸಬೇಕಾಗಿ ವಿನಂತಿ. ಆ 21,400 ರೂ. ಕುರಿತು ಕಮಿಷನರ್ ಅವರಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಿದ್ದು ಪ್ರತಿ ಲಗತ್ತಿಸಿದೆ.
>
> ಪೂರ್ಣ ಬಾಕಿ ಒಂದೇ ಖಾತೆಯಲ್ಲಿ ಭದ್ರವಾಗಿರುವುದರಿಂದ ಸಿಸಿ ಖಾತೆ ಸಂಖ್ಯೆ ______ರ ಮೇಲಿನ ಆದೇಶವನ್ನು ಹಿಂಪಡೆಯಬೇಕಾಗಿ ಕೋರುತ್ತೇವೆ. ______ ದಿನಾಂಕದಂದು ಕಾರ್ಮಿಕರ ವೇತನ 1,90,000 ರೂ. ಹಾಗೂ ಬರುವ 15ರೊಳಗೆ ಚಾಲ್ತಿ ತಿಂಗಳ ಪಿಎಫ್ ಪಾವತಿಸಬೇಕಿದೆ.

ಗಮನಿಸಿ, ಇದರಲ್ಲಿ "ಲೆಕ್ಕ ತಪ್ಪು", "ಅನ್ಯಾಯ" ಎಂಬ ಮಾತೇ ಇಲ್ಲ. ಅಧಿಕಾರಿ ತನ್ನ ಕಡತದಲ್ಲಿ ಸಹಿ ಹಾಕಲು ಬೇಕಾದ್ದು ಮೂರು ಅಂಕಿ: ಕೇಳಿದ್ದು, ಬಂದದ್ದು, ಖಾತೆಯಲ್ಲಿ ಉಳಿಸಿಕೊಳ್ಳಬೇಕಾದ್ದು. ವೇತನದ ಮಾತು ಕೊನೆಗೆ ಸಾಕು. ಬರೀ ಬಟವಾಡೆಯ ಕಷ್ಟ ಹೇಳಿಕೊಂಡ ಪತ್ರಗಳು ಮೇಜಿನ ಮೇಲೇ ಉಳಿಯುತ್ತವೆ. ಚಾಲ್ತಿ ಪಿಎಫ್ 15ರೊಳಗೆ ಕಟ್ಟಬೇಕು ಎಂಬ ಸಾಲು ಮಾತ್ರ ಬಿಡಬೇಡಿ, ಖಾತೆ ಮುಚ್ಚಿಟ್ಟರೆ ಹೊಸ ಬಾಕಿ ಹುಟ್ಟುತ್ತದೆ ಎಂಬುದು ಅವರಿಗೂ ಗೊತ್ತು.

ಕಮಿಷನರಿಗೆ ಹೋಗುವ ಅರ್ಜಿ ಒಂದು ಪುಟ ಸಾಕು. ಆ ಎರಡು ತಿಂಗಳಿಗೆ ಡ್ಯಾಮೇಜಸ್ ಆದೇಶದಲ್ಲಿ ಯಾವ ಪಾವತಿ ದಿನಾಂಕ ಹಿಡಿದಿದ್ದಾರೆ, ಚಲನ್‌ನಲ್ಲಿ ಯಾವ ದಿನಾಂಕ ಇದೆ, ವ್ಯತ್ಯಾಸ ಎಷ್ಟು ದಿನ, ಎಷ್ಟು ರೂಪಾಯಿ. ಚಲನ್ ಪ್ರತಿ ಜೊತೆಗೆ. ಪಾವತಿ ದಿನಾಂಕ ತಪ್ಪಾಗಿ ನಮೂದಾಗಿದ್ದರೆ ಬರವಣಿಗೆ ತಪ್ಪು ಅನ್ನಬಹುದು. ದರವೇ ಹೆಚ್ಚಾಯಿತು, ತಡವಾದದ್ದಕ್ಕೆ ಕಾರಣವಿತ್ತು ಎಂಬುದಾದರೆ ಅದು ತಿದ್ದುಪಡಿಗೆ ನಿಲ್ಲುವುದಿಲ್ಲ, ಅಪೀಲಿನ ವಿಷಯ.

ಪ್ರಶ್ನೆ ಕೇಳಿದವರು:
ಸಿಸಿ ಖಾತೆಯಲ್ಲಿ ನಮ್ಮ ಹಣವೇ ಇಲ್ಲ, ನಾವೇ ಬ್ಯಾಂಕಿಗೆ 9 ಲಕ್ಷ ಕೊಡಬೇಕು. ಅದನ್ನೂ ಹಿಡಿಯಬಹುದಾ ಸರ್?

ಸಲಹೆಗಾರರು, ಹಾಸನ:
ಈ ಆದೇಶ ಹಿಡಿಯುವುದು ಬ್ಯಾಂಕು ನಿಮಗೆ ಕೊಡಬೇಕಾದ ಹಣವನ್ನು. ಸಿಸಿಯಲ್ಲಿ ಕೊಡಬೇಕಾದವರು ನೀವು. ಬಳಸದೆ ಉಳಿದ ಮಿತಿ ಬ್ಯಾಂಕು ಕೊಡಬಹುದಾದ ಸಾಲವೇ ಹೊರತು ನಿಮ್ಮ ಹಣವಲ್ಲ. ತೆರಿಗೆ ವಸೂಲಾತಿಯ ಇದೇ ಬಗೆಯ ಪ್ರಕರಣಗಳಲ್ಲಿ ಕೋರ್ಟುಗಳು ಹೀಗೇ ಹೇಳಿವೆ. ಆದರೆ ಇದನ್ನು ನೀವು ಹೇಳುವುದಕ್ಕಿಂತ ಬ್ಯಾಂಕು ಹೇಳಿದರೆ ತೂಕ ಹೆಚ್ಚು. ಈ ಖಾತೆಯಲ್ಲಿ ಸಂಸ್ಥೆಗೆ ಕೊಡಬೇಕಾದ ಹಣವಿಲ್ಲ ಎಂದು ಬ್ಯಾಂಕು ಪ್ರಮಾಣ ಮಾಡಿ ಹೇಳಿಕೆ ಕೊಟ್ಟರೆ ಆ ಖಾತೆಯಿಂದ ಕಟ್ಟಬೇಕೆಂಬ ಒತ್ತಾಯ ಉಳಿಯುವುದಿಲ್ಲ. 8-ಎಫ್‌ನಲ್ಲೇ ಅದಕ್ಕೆ ಅವಕಾಶವಿದೆ.

ಬ್ಯಾಂಕ್ ಸಿಬ್ಬಂದಿ, ಚಿಕ್ಕಮಗಳೂರು:
ಹೇಳಿಕೆ ಕೊಡುವುದಕ್ಕೆ ಮ್ಯಾನೇಜರ್‌ಗಳು ಹಿಂದೆಮುಂದೆ ನೋಡುತ್ತಾರೆ. ಸುಳ್ಳಾದರೆ ಅವರ ತಲೆಗೆ ಬರುತ್ತದೆ. ಸಿಸಿ ಸ್ಟೇಟ್‌ಮೆಂಟ್‌ನ ಜೊತೆ ಕೇಳಿ, ಕಾನೂನು ವಿಭಾಗದ ಒಪ್ಪಿಗೆ ಬೇಕಾಗಬಹುದು.

ತೆರಿಗೆ ಲೆಕ್ಕ ನೋಡುವವರು, ಬೇಲೂರು:
ಪಾಲುದಾರರ ಉಳಿತಾಯ ಖಾತೆಗೂ ಕೈ ಹಾಕುತ್ತಾರಾ?

ಸಲಹೆಗಾರರು, ಹಾಸನ:
ಅದರಲ್ಲಿ ಒಂದೇ ಮಾತು ಹೇಳುವುದು ಕಷ್ಟ. ಪ್ರಮಾಣಪತ್ರದಲ್ಲಿ ಯಾರ ಹೆಸರಿದೆ, ಪಾಲುದಾರಿಕೆ ಪತ್ರ ಏನು ಹೇಳುತ್ತದೆ ಎಂಬುದರ ಮೇಲೆ ಹೋಗುತ್ತದೆ. ಒಡೆತನ ಒಬ್ಬರದೇ ಆಗಿದ್ದರೆ ಸಂಸ್ಥೆ ಬೇರೆ, ಮಾಲೀಕ ಬೇರೆ ಎಂಬ ವಾದ ನಿಲ್ಲುವುದಿಲ್ಲ. ಜಂಟಿ ಖಾತೆಯಾದರೆ ಬೇರೆ ರುಜುವಾತು ಕೊಡುವವರೆಗೆ ಪಾಲು ಸಮ ಎಂದು ಹಿಡಿಯುತ್ತಾರೆ.

ಲೆಕ್ಕಿಗರೇ, ಪತ್ರವನ್ನು ಎರಡು ಪ್ರತಿ ಮಾಡಿ ಇನ್‌ವರ್ಡ್‌ನಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಮೊಹರು ಹಾಕಿಸಿ. ಅದೇ ದಿನ ಕಚೇರಿಯ ಮೇಲ್‌ಗೂ ಹಾಕಿ. ಲಗತ್ತುಗಳು: ನೋಟಿಸ್, ಬ್ಯಾಂಕಿಗೆ ಹೋದ ಆದೇಶ, ಬಡ್ಡಿ ಚಲನ್, ಎರಡೂ ಖಾತೆಗಳ ಇಂದಿನ ಸ್ಟೇಟ್‌ಮೆಂಟ್, ಕಮಿಷನರಿಗೆ ಕೊಟ್ಟ ಅರ್ಜಿಯ ಮೊಹರಾದ ಪ್ರತಿ.

ಪ್ರಶ್ನೆ ಕೇಳಿದವರು:
ಎರಡೂ ಪತ್ರ ಕೊಟ್ಟೆ. ಬಡ್ಡಿ ಸರಿಯಾದ ಬಾಬ್ತಿಗೇ ಬಿದ್ದಿದೆ. 21,400ಕ್ಕೆ ತಡೆ ಇಟ್ಟು ಬಿಡುತ್ತೇವೆ ಅಂತ ಬಾಯಲ್ಲಿ ಹೇಳಿದರು, ಸಿಸಿ ವಿಷಯ ನೋಡೋಣ ಅಂದರು.

ಬ್ಯಾಂಕ್ ಸಿಬ್ಬಂದಿ, ಚಿಕ್ಕಮಗಳೂರು:
ಬಾಯಿಮಾತಿಗೆ ಖಾತೆ ತೆರೆಯುವುದಿಲ್ಲ. ತೆರವು ಪತ್ರದಲ್ಲಿ ಎರಡೂ ಖಾತೆಯ ಸಂಖ್ಯೆ ಇದೆಯಾ ಅಂತ ಹೊರಡುವ ಮುಂಚೆಯೇ ನೋಡಿಕೊಳ್ಳಿ, ಒಂದು ಅಂಕಿ ತಪ್ಪಿದರೂ ಮತ್ತೆ ಕಚೇರಿಗೆ ಅಲೆಯಬೇಕು. ಶಾಖೆಗೆ ಮಾತ್ರ ಬಂದರೆ ತಡವಾಗಬಹುದು. ಫ್ರೀಜ್ ಹಾಕಿದ್ದು ಮೇಲಿನ ಕಚೇರಿಯಾದರೆ ಅವರ ಮೇಲ್ ವಿಳಾಸಕ್ಕೂ ಕಳಿಸಲು ಹೇಳಿ. ಶುಕ್ರವಾರ ಮಧ್ಯಾಹ್ನದೊಳಗೆ ಬಂದರೆ ಶನಿವಾರದ ಬಟವಾಡೆಗೆ ಆದೀತು. ಎರಡನೇ, ನಾಲ್ಕನೇ ಶನಿವಾರವಾದರೆ ಬ್ಯಾಂಕ್ ರಜೆ, ನೆನಪಿರಲಿ.