ಪದಚರ್ಚೆ: ದಾಲ್ ಮಿಲ್ಲಿನ ಖಾತೆಪುಸ್ತಕದಲ್ಲಿ ‘ಕಂದಾಯ ವೆಚ್ಚ’ ಅಂದರೆ ಏನು ತಿಳಿಯಬೇಕು?

ಬಳಗದವರಿಗೆ ನಮಸ್ಕಾರ.

ಹೋದ ವಾರ ನಾನು ಕೇಳಿದ್ದ ಪದಕ್ಕೆ ಉತ್ತರ ಬರೆದವರೆಲ್ಲರಿಗೂ ಋಣಿ. ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಲೆಕ್ಕ ಬರೆಯುವ ಮುನೀಮರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ರೆವಿನ್ಯೂ ಖರ್ಚಿಗೆ, ಅಂದರೆ ರಿಪೇರಿಯಂತೆ ಆ ವರ್ಷದ ಲಾಭದಲ್ಲೇ ಪೂರ್ತಿ ಕಳೆಯುವ ಖರ್ಚಿಗೆ, ‘ಕಂದಾಯ ವೆಚ್ಚ’ ಎಂದು ಹಾಕಿದ್ದೆ. ಕರಡು ಓದಿದ ಮುನೀಮರೊಬ್ಬರು, “ಕಂದಾಯ ನಾವು ಹೊಲಕ್ಕ ಕಟ್ತೀವಿ, ಮಿಲ್ಲಿನ ಜಾಗಕ್ಕ ಕಟ್ತೀವಿ. ಮೋಟರ್ ರಿಪೇರಿ ಕಂದಾಯ ಹೆಂಗ ಆಗ್ತದ್ರಿ?” ಅಂದರು. ಅವರ ಮಾತು ಸರಿ. ಕಂದಾಯ ಅಂದರೆ ನಮ್ಮ ಕಡೆ ತಹಶೀಲ ಕಚೇರಿ ನೆನಪಾಗುತ್ತದೆ. ಇಲ್ಲಿನ ರೆವಿನ್ಯೂಗೆ ತೆರಿಗೆಯ ಅರ್ಥವೇ ಇಲ್ಲ, ವ್ಯಾಪಾರದ ವರಮಾನ ಅನ್ನುವ ಅರ್ಥ.

ಬೀದರಿನ ನಿವೃತ್ತ ಮಾಸ್ತರರು ‘ರಾಜಸ್ವ ವೆಚ್ಚ’ ಅನ್ನಿ, ರಾಜ್ಯ ಬಜೆಟ್ಟಿನಲ್ಲಿ ಅದೇ ಪದ ಇದೆ ಎಂದು ಬರೆದು, ರಾಜಸ್ವ ಕೊರತೆಯನ್ನೂ ಚೆನ್ನಾಗಿ ವಿವರಿಸಿದ್ದಾರೆ. ಬಜೆಟ್ಟಿಗೆ ಆ ಪದ ಒಪ್ಪುತ್ತದೆ, ಸರ್. ಆದರೆ ಸರ್ಕಾರ ತನ್ನ ಖರ್ಚನ್ನು ಲಾಭದಲ್ಲಿ ಕಳೆದು ಆದಾಯ ತೆರಿಗೆ ಕಟ್ಟುವುದಿಲ್ಲ. ಮಿಲ್ಲಿನವರು ಕಟ್ಟುತ್ತಾರೆ. ಒಂದು ಖರ್ಚು ಯಾವ ವರ್ಷದ ಲಾಭದಲ್ಲಿ, ಎಷ್ಟು ಕಳೆಯುತ್ತದೆ ಎಂಬುದೇ ಅವರ ಪ್ರಶ್ನೆ. ಅದಕ್ಕೆ ಉತ್ತರ ಹೇಳದ ಪದ ನನ್ನ ಕೈಪಿಡಿಗೆ ಸಾಲದು.

ನಾನು ಕಣ್ಣಾರೆ ನೋಡಿದ ಒಂದು ಪುಟದ ಮಾತು ಹೇಳುತ್ತೇನೆ. ಮಿಲ್ಲಿನ ಹೆಸರು ಬೇಡ. ‘ಮಷಿನ್ ರಿಪೇರಿ ಖಾತೆ’ಯ ಆ ಪುಟದಲ್ಲಿ ಮೇಲಿನಿಂದ ಸಾಲಾಗಿ ಇದ್ದವು: ಮೋಟರ್ ವೈಂಡಿಂಗ್, ಬೆಲ್ಟು, ಸವೆದ ರೋಲಿಗೆ ಕಾಳು ಉಜ್ಜುವ ಒರಟು ಎಮರಿಯನ್ನು ಹೊಸದಾಗಿ ಬಳಿಸಿದ್ದು. ಎಲ್ಲ ಸಣ್ಣ ಮೊತ್ತ. ಅದರ ಕೆಳಗೆ, ಅದೇ ಕೈಬರಹದಲ್ಲಿ, ಡಿಸೆಂಬರ್ 10ರಂದು ತೊಗರಿ ಸಿಪ್ಪೆ ತೆಗೆಯುವ ಹೊಸ ಮಷಿನ್ನಿಗೆ 5,70,000 ರೂಪಾಯಿ. ಮರುದಿನ ಲಾರಿ ಬಾಡಿಗೆ, ಹಮಾಲಿ, ಕಟ್ಟೆ ಕಟ್ಟಿಸಿದ್ದು ಸೇರಿ 30,000.

ಇದನ್ನೇಕೆ ರಿಪೇರಿಗೆ ಹಾಕಿದಿರಿ ಅಂತ ಕೇಳಿದೆ. “ಹಳೇದು ಸವದು ಹೋಗಿತ್ರಿ. ಅದರ ಜಾಗದಾಗ ಇದು ಕುಂತದ. ಮಿಲ್ ಅದೇ, ಬೇಳೆ ಅಷ್ಟೇ ಬೀಳ್ತದ. ಮತ್ತ ರಿಪೇರಿ ಅಲ್ದೆ ಏನು?” ಅಂದರು ಮುನೀಮರು.

ಅವರ ವಾದ ಬಾಲಿಶವಲ್ಲ. ತಮಿಳುನಾಡಿನ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಇದೇ ವಾದ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು: ಇಡೀ ಗಿರಣಿಯೇ ಒಂದು ಯಂತ್ರ, ನೂಲು ತೆಗೆಯುವ ರಿಂಗ್ ಫ್ರೇಮ್ ಅದರ ಒಂದು ಭಾಗ, ಭಾಗ ಬದಲಿಸಿದ್ದು ರಿಪೇರಿ ಎಂದು. 2007ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ರಿಂಗ್ ಫ್ರೇಮ್ ತನ್ನಷ್ಟಕ್ಕೆ ತಾನೇ ಒಂದು ಯಂತ್ರ. ಇರುವ ಯಂತ್ರವನ್ನು ಉಳಿಸಿಕೊಳ್ಳಲು ಮಾಡಿದ್ದು ರಿಪೇರಿ, ಯಂತ್ರವನ್ನೇ ತೆಗೆದು ಬೇರೆ ತಂದರೆ ಅದು ರಿಪೇರಿಯಲ್ಲ ಎಂದಿತು. ಹಾಗಾದರೆ ರೋಲಿಗೆ ಬಳಿಸಿದ ಎಮರಿ ರಿಪೇರಿ, ಯಾಕೆಂದರೆ ಮಷಿನ್ ಅದೇ ಉಳಿಯಿತು. ಹೊಸ ಮಷಿನ್ ಬಂಡವಾಳ ವೆಚ್ಚ.

ಇದರಿಂದ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ. ರಿಪೇರಿ ಆಗಿದ್ದರೆ 6,00,000 ಪೂರ್ತಿ ಅದೇ ವರ್ಷದ ಲಾಭದಲ್ಲಿ ಕಳೆಯುತ್ತಿತ್ತು. ಬಂಡವಾಳ ಆದದ್ದರಿಂದ ಸವಕಳಿಯಾಗಿ, ಅಂದರೆ ವರ್ಷ ವರ್ಷ ಒಂದೊಂದು ಪಾಲಾಗಿ ಮಾತ್ರ ಕಳೆಯಬೇಕು. ಯಂತ್ರಗಳಿಗೆ ಸಾಮಾನ್ಯ ದರ ವರ್ಷಕ್ಕೆ ಶೇ 15. ಆದರೆ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲಿ ಅರ್ಧ. ಡಿಸೆಂಬರಿನಲ್ಲಿ ಕೂಡಿಸಿದ ಮಷಿನ್ನಿಗೆ ಮಾರ್ಚ್ 31ಕ್ಕೆ ಅಷ್ಟು ದಿನ ಎಲ್ಲಿ ಆಗುತ್ತದೆ? ಹೀಗಾಗಿ ಮೊದಲ ವರ್ಷ 45,000. ಉಳಿದ 5,55,000ಕ್ಕೆ ಮುಂದಿನ ವರ್ಷ ಶೇ 15, ಅಂದರೆ 83,250. ಹೀಗೇ ಉಳಿದದ್ದರ ಮೇಲೆ ಇಳಿಯುತ್ತಾ ಹೋಗುತ್ತದೆ. ದುಡ್ಡು ಒಂದೇ ದಿನ ಕೈಬಿಟ್ಟಿತು, ಲೆಕ್ಕದಲ್ಲಿ ಕಳೆಯುವುದು ವರ್ಷಾನುಗಟ್ಟಲೆ. ನಮ್ಮ ಕಡೆ ಹೊಸ ತೊಗರಿ ಬರುವ ಮುಂಚೆ ಮಷಿನ್ ಕೂಡಿಸುವ ರೂಢಿ ಇರುವುದರಿಂದ ಈ ಅರ್ಧದ ಪೆಟ್ಟು ಮಿಲ್ಲಿನವರಿಗೆ ಮೇಲಿಂದ ಮೇಲೆ ಬೀಳುತ್ತದೆ.

ಆ 30,000ವನ್ನೂ ಮರೆಯಬೇಡಿ. ಹಮಾಲಿ ಎಂಬ ಒಂದೇ ಪದ ತೊಗರಿ ಚೀಲ ಇಳಿಸಿದಾಗ ಆ ವರ್ಷದ ಖರ್ಚು, ಮಷಿನ್ ಇಳಿಸಿದಾಗ ಮಷಿನ್ನಿನ ಬೆಲೆಗೇ ಸೇರುತ್ತದೆ. ಖಾತೆಯ ಹೆಸರು ನೋಡಿ ತೀರ್ಮಾನಿಸುವವರು ಎಡವುವುದು ಇಲ್ಲೇ.

‘ಬಂಡವಾಳ ವೆಚ್ಚ’ವೂ ನಾನು ಅಂದುಕೊಂಡಷ್ಟು ತಿಳಿಯಾಗಿಲ್ಲ. ಸೇಡಂ ಕಡೆಯ ಗೆಳೆಯರು, ಬಂಡವಾಳದಿಂದ ಮಾಡಿದ ಖರ್ಚೇ ಬಂಡವಾಳ ವೆಚ್ಚ, ಬ್ಯಾಂಕ್ ಸಾಲದಲ್ಲಿ ತಂದ ಮಷಿನ್ ಹಾಗಲ್ಲ ಎಂದು ಬರೆದಿದ್ದಾರೆ. ಪದವನ್ನು ಬಿಡಿಸಿದರೆ ಹಾಗೇ ಕೇಳುತ್ತದೆ, ಅವರ ತಪ್ಪಲ್ಲ. ಆದರೆ ದುಡ್ಡು ಎಲ್ಲಿಂದ ಬಂತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಅದರಿಂದ ಏನು ಬಂತು ಅನ್ನುವುದು ಮುಖ್ಯ. ಮೊತ್ತದ ಗಾತ್ರವೂ ಅಷ್ಟೇ: ಎರಡು ಲಕ್ಷದ ಎಮರಿ ಕೆಲಸ ರಿಪೇರಿ ಆಗಬಹುದು, ಎಂಟು ಸಾವಿರದ ತೂಕದ ಕಾಟಾ ಬಂಡವಾಳ ಆಗಬಹುದು.

ಯಾದಗಿರಿಯ ಹಿಟ್ಟಿನ ಗಿರಣಿಯ ಅಣ್ಣನವರು ತಮ್ಮದೇ ಪ್ರಶ್ನೆ ಕೇಳಿದ್ದಾರೆ: ವಹಿವಾಟಿನ ಶೇ 8 ಲಾಭ ಎಂದು ಒಪ್ಪಿಕೊಂಡು ತೆರಿಗೆ ಕಟ್ಟುತ್ತೇನೆ, ಹೊಸ ಕಲ್ಲಿನ ಚಕ್ಕಿಯನ್ನು ಯಾವುದರಲ್ಲಿ ಹಾಕಲಿ ಎಂದು. ಆ ದಾರಿಯಲ್ಲಿ ರಿಪೇರಿಯನ್ನೂ ಸವಕಳಿಯನ್ನೂ ಬೇರೆಯಾಗಿ ಕಳೆಯಲು ಬರುವುದಿಲ್ಲ, ಅಣ್ಣಾ. ಆದರೂ ಚಕ್ಕಿಯ ಬೆಲೆ ಬರೆದಿಟ್ಟುಕೊಳ್ಳಿ. ಸವಕಳಿ ಕೊಟ್ಟಾಗಿದೆ ಎಂದೇ ಕಾಯ್ದೆ ಭಾವಿಸುವುದರಿಂದ ಲೆಕ್ಕದಲ್ಲಿ ಅದರ ಬೆಲೆ ವರ್ಷ ವರ್ಷ ಇಳಿಯುತ್ತಲೇ ಇರುತ್ತದೆ. ನಾಳೆ ಪೂರ್ತಿ ಲೆಕ್ಕಕ್ಕೆ ತಿರುಗಿದರೆ ಇಳಿದ ಬೆಲೆಯಿಂದಲೇ ಶುರು.

ಈಗ ಪದಕ್ಕೆ ಬರುತ್ತೇನೆ. ಕಾಗದಪತ್ರದಲ್ಲಿ ನಾವು ‘2023-24ನೇ ಸಾಲಿನ’ ಅನ್ನುತ್ತೇವಲ್ಲ, ಅದರಿಂದ ‘ಆಯಾ ಸಾಲಿನ ಖರ್ಚು’ ಮತ್ತು ‘ಆಸ್ತಿಗೆ ಸೇರುವ ಖರ್ಚು’ ಎಂಬ ಜೋಡಿಯನ್ನು ಮಾಡಿದೆ. ಯಾವಾಗ ಕಳೆಯುತ್ತದೆ ಎಂಬುದು ಪದದಲ್ಲೇ ಇದೆ ಎಂದು ನನಗೆ ಹಿತವಾಗಿತ್ತು. ಮುನೀಮರು ಓದಿ, “ಸಾಲಿ ಖರ್ಚಂದ್ರ ಹುಡುಗರ ಫೀಸಾ?” ಅಂದರು. ನಮ್ಮಲ್ಲಿ ಶಾಲೆಗೆ ಸಾಲಿ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ‘ವರ್ಷದ ಖರ್ಚು’ ಅಂದರೆ ಆ ತೊಡಕು ಇಲ್ಲ, ಆದರೆ ಆ ವರ್ಷ ಆದ ಖರ್ಚೆಲ್ಲ, ಮಷಿನ್ನೂ ಸೇರಿ, ಎಂದು ಕೇಳುತ್ತದೆ.

ಎರಡನೆಯ ಪದಕ್ಕೆ ನಮ್ಮ ಆಡಿಟರ್ ತಕರಾರು ತೆಗೆದಿದ್ದಾರೆ. ಕಂಪನಿಯೊಂದು ತನ್ನ ಅಧಿಕೃತ ಷೇರು ಬಂಡವಾಳ ಏರಿಸಲು ಕಟ್ಟುವ ಶುಲ್ಕ ಬಂಡವಾಳ ವೆಚ್ಚವೇ ಎಂದು ಸುಪ್ರೀಂ ಕೋರ್ಟು 1997ರಲ್ಲಿ ಹೇಳಿದೆ. ಅಲ್ಲಿ ಸವಕಳಿ ಹಾಕಲು ಯಂತ್ರವೂ ಇಲ್ಲ, ಕಟ್ಟಡವೂ ಇಲ್ಲ. ಅದನ್ನು ಆಸ್ತಿಗೆ ಸೇರುವ ಖರ್ಚು ಅನ್ನುವುದು ಹೇಗೆ? ನನ್ನಲ್ಲಿ ಉತ್ತರವಿಲ್ಲ.

ಇನ್ನೊಂದು ಪ್ರಶ್ನೆಯನ್ನು ಅವರೇ ತೂಗುಯ್ಯಾಲೆಯಲ್ಲಿ ಇಟ್ಟಿದ್ದಾರೆ. ಸುಟ್ಟ 10 ಎಚ್‌ಪಿ ಮೋಟರಿನ ಬದಲು 15 ಎಚ್‌ಪಿ ಹಾಕಿದರೆ? ಮೋಟರ್ ಮಷಿನ್ನಿನ ಭಾಗ, ಹಾಗಾಗಿ ರಿಪೇರಿ ಅನ್ನಬಹುದು. ಆದರೆ ಮಷಿನ್ನಿನ ಶಕ್ತಿ ಮೊದಲಿಗಿಂತ ಹೆಚ್ಚಿತು, ಆ ವಾದವನ್ನು ತೆರಿಗೆ ಇಲಾಖೆಯವರು ಬಿಡುವುದಿಲ್ಲ. ಬಿಲ್ಲಿನ ಹಿಂದೆ ಹಳೆಯ ಮೋಟರ್ ಯಾಕೆ ತೆಗೆದದ್ದು, 10ರದ್ದು ಸಿಗಲಿಲ್ಲವೇ ಅನ್ನುವುದನ್ನು ಅಂದೇ ಬರೆದಿಡಿ ಅಂತ ಮಾತ್ರ ಹೇಳಿದರು.

ಮಿಲ್ಲು, ಜಿನ್ನು, ಗಿರಣಿಗಳಲ್ಲಿ ಲೆಕ್ಕ ಬರೆಯುವವರು ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ‘ರಿಪೇರಿ ಖಾತೆ’, ‘ಮಷಿನರಿ ಖಾತೆ’ ಬಿಟ್ಟು ಈ ಎರಡು ಬಗೆಗೆ ಅವರ ಬಾಯಲ್ಲಿ ಬೇರೆ ಹೆಸರು ಇದೆಯೇ? ಇದ್ದರೆ ಅದನ್ನೇ ಕೈಪಿಡಿಗೆ ತೆಗೆದುಕೊಳ್ಳುತ್ತೇನೆ.