2000 ಬುಶ್‌ಗಳ ಲಾಟ್ ರಿಜೆಕ್ಟ್ ಮಾಡುವುದು ಹೇಗೆ?

ಪ್ರಶ್ನೆ: ಸಪ್ಲೈಯರ್ ಕಳಿಸಿದ 2000 ಸ್ಟೀಲ್ ಬುಶ್‌ಗಳಲ್ಲಿ 125 ತೆಗೆದು ನೋಡಿದೆವು. ಡ್ರಾಯಿಂಗ್ ಪ್ರಕಾರ ಒಳವ್ಯಾಸ 20.000ರಿಂದ 20.021 ಮಿ.ಮೀ. ಇರಬೇಕು, 9ರಲ್ಲಿ 20.030 ದಾಟಿದೆ. ಫೋಟೋ ಕಳಿಸಿದರೆ "ಇದರಲ್ಲಿ ಏನೂ ಕಾಣುತ್ತಿಲ್ಲ" ಅಂದರು. ಪೂರ್ತಿ ಲಾಟ್ ವಾಪಸ್ ಮಾಡಬಹುದಾ ಸರ್?

ಖರೀದಿ ವಿಭಾಗದವರು: ಕೆಟ್ಟಿರೋದು 9 ತಾನೇ? ಅಷ್ಟಕ್ಕೆ ಡೆಬಿಟ್ ನೋಟ್ ಹಾಕಿ, ಉಳಿದದ್ದು ಬಳಸಿ. ಇತ್ಯರ್ಥ ಆಗುವ ತನಕ ಬಿಲ್ ಮಾತ್ರ ಪಾಸ್ ಮಾಡಬೇಡಿ.

ಕ್ವಾಲಿಟಿ ಇನ್‌ಸ್ಪೆಕ್ಟರ್: ಬಿಲ್ ತಡೆಯುವ ಮಾತು ಸರಿ. ಆದರೆ ಉಳಿದ 1875 ಬುಶ್‌ಗಳನ್ನು ಯಾರೂ ನೋಡಿಲ್ಲವಲ್ಲ! ನಿಮ್ಮ ಆರ್ಡರ್‌ನಲ್ಲಿ ಸ್ಯಾಂಪಲ್ ತಪಾಸಣೆಯ ಮಾನದಂಡ ಐಎಸ್‌ಒ 2859-1, ಒಪ್ಪಬಹುದಾದ ದೋಷದ ಮಿತಿ ಎಕ್ಯೂಎಲ್ 1.0, ತಪಾಸಣೆಯ ಸಾಮಾನ್ಯ ಹಂತ ಎರಡು ಎಂದಿದ್ದರೆ, 125ರಲ್ಲಿ 3ರವರೆಗೆ ಲಾಟ್ ಪಾಸ್, 4 ಸಿಕ್ಕರೆ ಲಾಟ್ ರಿಜೆಕ್ಟ್. ನಿಮಗೆ 9 ಸಿಕ್ಕಿವೆ. ಆರ್ಡರ್‌ನಲ್ಲಿ ಆ ಸಾಲು ಇಲ್ಲದಿದ್ದರೆ ಇಡೀ ಲಾಟ್ ಬಗ್ಗೆ ವಾದ ಏಳುತ್ತದೆ. ಆಗ ಡ್ರಾಯಿಂಗ್ ಹಿಡಿದೇ ಮಾತಾಡಬೇಕು.

ಫೋಟೋ ವಿಷಯಕ್ಕೆ ಬರೋಣ. ನೂರರಲ್ಲೊಂದು ಮಿ.ಮೀ. ದೊಡ್ಡದಾದ ತೂತು ಕಣ್ಣಿಗೆ ಕಾಣುವುದಿಲ್ಲ. ತೂತಿನ ಅಳತೆ ಪರೀಕ್ಷಿಸುವ ಪ್ಲಗ್ ಗೇಜ್‌ನ ನೋ-ಗೋ ತುದಿ ಸರಿಯಾದ ಬುಶ್‌ನ ಒಳಗೆ ಹೋಗಬಾರದು, ಅದು ಹೋಗಿ ಕೂತಿರುವುದರ ಫೋಟೋವನ್ನೇ ತೆಗೆಯಿರಿ. ಗೇಜ್ ಮೇಲೆ ಕೊರೆದ ಅಳತೆ, ಬುಶ್‌ಗೆ ಕಟ್ಟಿದ ನಂಬರ್ ಟ್ಯಾಗ್, ಬಾಕ್ಸಿನ ಬ್ಯಾಚ್ ಲೇಬಲ್ ಮೂರೂ ಒಂದೇ ಫೋಟೋದಲ್ಲಿ ಓದುವಂತಿರಲಿ. ಟ್ಯಾಗ್‌ನ ನಂಬರೇ ರಿಪೋರ್ಟಿನಲ್ಲೂ ಇರಲಿ.

"ಸರಕು ಬಿಸಿಯಾಗಿತ್ತು, ಅದಕ್ಕೇ ಹಿಗ್ಗಿದೆ" ಎಂಬ ಉತ್ತರ ಬರಬಹುದು. 20 ಮಿ.ಮೀ. ಸ್ಟೀಲ್ 10 ಡಿಗ್ರಿ ಹೆಚ್ಚು ಬಿಸಿಯಾದರೂ ಹಿಗ್ಗುವುದು 0.002 ಮಿ.ಮೀ. ಆಸುಪಾಸು. ಹಾಗಾಗಿ ಆ ವಾದ ನಿಲ್ಲದು. ಗೇಜ್‌ನ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಅನ್ನೂ ಜೊತೆಗಿಡಿ, ಮೊದಲು ಕೇಳುವುದು ಅದನ್ನೇ.

ಸ್ಟೋರ್ಸ್‌ನವರು: ನಮಗೂ ಬುಶ್ ಬಂದಿತ್ತು, ತುಕ್ಕು ಹಿಡಿದು. ಬಾಕ್ಸ್ ಬಿಚ್ಚುವ ಮೊದಲೇ ಒದ್ದೆ ಪ್ಯಾಕಿಂಗ್ ಫೋಟೋ ತೆಗೆದಿದ್ದೆವು, ಸಾಗಣೆಯವರ ಮೇಲೆ ಕ್ಲೇಮ್ ಆಯಿತು. ನೀವೂ ಹಾಗೇ ಮಾಡಿ.

ಕ್ವಾಲಿಟಿ ಇನ್‌ಸ್ಪೆಕ್ಟರ್: ತುಕ್ಕಿಗೆ ಅದು ಸರಿ ಸರ್. ಒಳವ್ಯಾಸ ದಾರಿಯಲ್ಲಿ ಕೆಡುವಂಥದ್ದಲ್ಲ, ಇದು ಸಪ್ಲೈಯರ್ ಹೊಣೆಯೇ.

ಪತ್ರದಲ್ಲಿ "ಗುಣಮಟ್ಟ ಸರಿಯಿಲ್ಲ, ದಯವಿಟ್ಟು ನೋಡಿ" ಎಂದು ಬರೆದರೆ ಅದು ದೂರು ಮಾತ್ರ. ಆರ್ಡರ್, ಇನ್‌ವಾಯ್ಸ್, ಬ್ಯಾಚ್ ನಂಬರ್ ಹಾಕಿ, "ಈ ಲಾಟ್ ಪೂರ್ತಿ ತಿರಸ್ಕರಿಸಲಾಗಿದೆ" ಎಂದು ನೇರವಾಗಿ ಬರೆಯಿರಿ. ಬೇಕಾದ ಪರಿಹಾರವನ್ನೂ ತಾರೀಖಿನೊಂದಿಗೆ ಹೇಳಿ: ಅವರ ಖರ್ಚಿನಲ್ಲಿ ಸರಕು ವಾಪಸ್ ತೆಗೆದುಕೊಂಡು ಬದಲಿ ಕೊಡಬೇಕು. ರೀವರ್ಕ್ ಮಾಡಿಕೊಡುತ್ತೇವೆ ಅಂದರೆ ಸುಮ್ಮನೆ ಒಪ್ಪಬೇಡಿ. ತೂತು ಚಿಕ್ಕದಿದ್ದರೆ ಕೊರೆದು ಸರಿಮಾಡಬಹುದು, ದೊಡ್ಡದಾದರೆ ಹೋದ ಲೋಹ ಮರಳಿ ಬಾರದು.

ಪ್ರಶ್ನೆ ಕೇಳಿದವರು: ನಾಳೆ ಲೈನ್‌ಗೆ 300 ಬೇಕೇ ಬೇಕು. ಆರಿಸಿ ಬಳಸಲಾ?

ಕ್ವಾಲಿಟಿ ಇನ್‌ಸ್ಪೆಕ್ಟರ್: ಕೇಳದೆ ಒಂದನ್ನೂ ಬಳಸಬೇಡಿ, ಬಳಸಿದರೆ ಲಾಟ್ ಒಪ್ಪಿಕೊಂಡಿರಿ ಅನ್ನುತ್ತಾರೆ. ಕೆಂಪು ಟ್ಯಾಗ್ ಹಾಕಿ ಬೇರೆಯೇ ಇಡಿ. ಒಂದೊಂದನ್ನೂ ಗೇಜ್ ಹಾಕಿ 300 ಆರಿಸಿಕೊಳ್ಳುತ್ತೇವೆ, ಕೂಲಿ ನಿಮ್ಮದು, ಉಳಿದದ್ದು ರಿಜೆಕ್ಟ್ ಆಗಿಯೇ ಇರುತ್ತದೆ ಎಂದು ಇವತ್ತೇ ಬರೆದು ಲಿಖಿತ ಒಪ್ಪಿಗೆ ತರಿಸಿಕೊಳ್ಳಿ.

ಖರೀದಿ ವಿಭಾಗದವರು: ಒಪ್ಪಿಗೆ ಬರುವಷ್ಟರಲ್ಲಿ ಲೈನ್ ನಿಂತರೆ ಆ ನಷ್ಟ ಯಾರ ತಲೆಗೆ?

ಕ್ವಾಲಿಟಿ ಇನ್‌ಸ್ಪೆಕ್ಟರ್: ಆರ್ಡರ್‌ನ ಷರತ್ತು ನೋಡದೆ ಹೇಳಲಾರೆ. ಆ ಪುಟ ಇಲ್ಲಿ ಹಾಕಿ.